ಮೂರು ನಿಮಿಷದ ಸ್ಕ್ರಿಪ್ಟಿನಲ್ಲಿ ನಗು ಎಲ್ಲಿ ಕೂರುತ್ತೆ: ಒಂದು ಚೊಂಬು ಹಾಲಿನ ಲೆಕ್ಕ

ಐದಾರು ವರ್ಷದ ಹಿಂದೆ ಕಾಲೇಜು ಹುಡುಗರಿಗೆ ಅಂತ ಮೂರು ನಿಮಿಷದ ಒಂದು ಪ್ರಹಸನ ಬರೆದುಕೊಟ್ಟಿದ್ದೆ. ಮುಳಬಾಗಿಲು ಕಡೆಯ ಒಂದು ಹಳ್ಳಿ ಮನೆ, ಅಲ್ಲಿಗೆ ಗುಬ್ಬಿಯಿಂದ ಮದುವೆಯಾಗಿ ಬಂದ ಸೊಸೆ, ಹಾಲು ಕೇಳಲು ಬರುವ ದಾಯಾದಿ ಹುಡುಗ. ಹುಡುಗ ತೆಲುಗು ಬೆರೆಸಿ ಕನ್ನಡ ಮಾತಾಡುತ್ತಾನೆ, ಸೊಸೆ ಅದನ್ನು ಗಂಡನಿಗೆ ಫೋನಿನಲ್ಲಿ ಅಣಕಿಸಿ ತೋರಿಸುತ್ತಾಳೆ. ತುಮಕೂರಿನಲ್ಲಿ ಆಡಿದಾಗ ಆ ಅಣಕಕ್ಕೆ ಸಭೆ ಬಿದ್ದು ಬಿದ್ದು ನಕ್ಕಿತು. ಅದೇ ತಂಡ ಕೋಲಾರದಲ್ಲಿ ಆಡಿದಾಗ ಅದೇ ಜಾಗದಲ್ಲಿ ಸಭೆ ತಣ್ಣಗಾಯಿತು. ಆಟ ಮುಗಿದ ಮೇಲೆ ಒಬ್ಬ ಹೆಣ್ಣುಮಗಳು ಬಂದು, ಸಿಟ್ಟೇನೂ ಇಲ್ಲದೆ ಕೇಳಿದಳು: "ಸಾರ್, ನಮ್ಮಮ್ಮ ಡೇರಿಲಿ ಹಾಲು ಹಾಕುವಾಗ ಹಿಂಗೇ ಮಾತಾಡೋದು. ಅದ್ರಲ್ಲಿ ನಗೋಂಥದ್ದು ಏನಿದೆ?"

ಆ ಪ್ರಶ್ನೆ ಇಟ್ಟುಕೊಂಡು ಸ್ಕ್ರಿಪ್ಟನ್ನು ಮತ್ತೆ ಓದಿದೆ. ನಗುವಂಥದ್ದು ನಿಜವಾಗಿಯೂ ಇರಲಿಲ್ಲ. ಅಣಕ ತೆಗೆದರೆ ಆ ಮೂರು ನಿಮಿಷದಲ್ಲಿ ಒಬ್ಬ ಹುಡುಗ ಬಂದು ಹಾಲು ಕೇಳಿ ಹೋಗುತ್ತಾನೆ, ಅಷ್ಟೇ. ನಾನು ಕಟ್ಟಬೇಕಾಗಿದ್ದ ಸನ್ನಿವೇಶವನ್ನು ಕಟ್ಟಿರಲಿಲ್ಲ. ಆ ಖಾಲಿ ಜಾಗಕ್ಕೆ ಒಂದು ಊರಿನವರ ಮಾತಿನ ಧಾಟಿಯನ್ನು ತುಂಬಿದ್ದೆ. ಆಮೇಲೆ ಎಷ್ಟೋ ಹುಡುಗರ ಸ್ಕ್ರಿಪ್ಟು ಓದಿದ್ದೇನೆ. ಜಾತಿ, ಭಾಷೆ, ಮೈಬಣ್ಣ, ಹೆಣ್ಣುವೇಷ, ಇವುಗಳ ಮೇಲಿನ ಜೋಕು ಬಂದ ಕಡೆಯೆಲ್ಲ ಹೆಚ್ಚಿನ ಸಲ ಕಾಣುವುದು ಇದೇ ಕೊರತೆ. ಬರೆಯುವವನಿಗೆ ಕೆಟ್ಟ ಮನಸ್ಸಿರುವುದಿಲ್ಲ. ಅವನ ಪೀಠಿಕೆ ಸಡಿಲ, ಅದಕ್ಕೇ ಪಂಚ್‌ಗೆ ಹೊರಗಿನಿಂದ ಸಾಮಾನು ತರುತ್ತಾನೆ.

ಆ ಸ್ಕ್ರಿಪ್ಟನ್ನೇ ಮೊದಲಿಂದ ಹೇಗೆ ಕಟ್ಟಿದೆ ಅನ್ನುವುದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ. ನಿಮ್ಮ ಸ್ಕ್ರಿಪ್ಟು ಪಕ್ಕದಲ್ಲಿಟ್ಟುಕೊಂಡು ಓದಿದರೆ ಒಳ್ಳೆಯದು.

ಮೊದಲ ಹೆಜ್ಜೆ: ಎರಡು ದಾರಿ ಇರುವ ಒಂದು ವಸ್ತು ಹುಡುಕಿ

ನಗುವಿಗೆ ಬೇಕಾದದ್ದು ಒಂದೇ ವಸ್ತುವಿಗೆ ಎರಡು ಅರ್ಥ. ಅದು ಒಂದು ಮಾತಿರಬಹುದು, ಒಂದು ಪೊಟ್ಟಣ, ಒಂದು ಫೋನ್ ಕರೆ, ಒಬ್ಬರ ನಡವಳಿಕೆ, ಏನಾದರೂ ಆಗಬಹುದು. ಪ್ರೇಕ್ಷಕರನ್ನು ಒಂದು ಅರ್ಥದ ದಾರಿಯಲ್ಲಿ ಕರೆದುಕೊಂಡು ಹೋಗಿ, ಇನ್ನೊಂದು ಅರ್ಥದ ಬಾಗಿಲು ತೆರೆಯುವುದೇ ದಾರಿ ತಪ್ಪಿಸುವುದು. ಹಾಗಾಗಿ ಪಾತ್ರಗಳ ಹೆಸರು ಯೋಚಿಸುವ ಮೊದಲೇ ಆ ವಸ್ತುವನ್ನು ಹುಡುಕಬೇಕು.

ನನ್ನ ಹಳೇ ಸ್ಕ್ರಿಪ್ಟಿನಲ್ಲಿ ಅದು ಕಣ್ಣೆದುರಿಗೇ ಬಿದ್ದಿತ್ತು. ತೆಲುಗಿನಲ್ಲಿ ಹಾಲಿಗೆ 'ಪಾಲು' ಅನ್ನುತ್ತಾರೆ. ಕನ್ನಡದಲ್ಲಿ ಪಾಲು ಅಂದರೆ ಭಾಗ, ಆಸ್ತಿಯ ಹಿಸ್ಸೆ. ಮುಳಬಾಗಿಲು ತಾಲ್ಲೂಕು ಆಂಧ್ರದ ಗಡಿಗೆ ಅಂಟಿಕೊಂಡಿದೆ. ಅಲ್ಲಿ ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಒಂದೇ ದಿನದಲ್ಲಿ ಒಂದೇ ಬಾಯಿಂದ ಎರಡು ಪಾಲೂ ಬರುತ್ತವೆ. ಇಂಥ ಚಿನ್ನದಂಥ ಮಾತನ್ನು ಕೈಯಲ್ಲಿಟ್ಟುಕೊಂಡು ನಾನು ಆ ಹುಡುಗನ ಉಚ್ಚಾರಣೆ ಅಣಕಿಸುತ್ತಾ ಕೂತಿದ್ದೆ.

ವಸ್ತು ಗಟ್ಟಿಯೋ ಇಲ್ಲವೋ ನೋಡಲು ಒಂದು ಅಳತೆಯಿದೆ. ಎರಡು ಅರ್ಥಗಳ ನಡುವೆ ತೂಕದ ಅಂತರ ದೊಡ್ಡದಿರಬೇಕು. ಆಸ್ತಿ ಪಾಲು ಅಂದರೆ ಮನೆ ಒಡೆಯುವ ಮಾತು, ಹಾಲು ಅಂದರೆ ಸಂಜೆ ಕಾಫಿ. ಅಂತರ ಚಿಕ್ಕದಾದರೆ, ಉದಾಹರಣೆಗೆ ಹಾಲು ಅಂದುಕೊಂಡಿದ್ದು ಮೊಸರಾದರೆ, ಎಷ್ಟು ಚೆನ್ನಾಗಿ ಬರೆದರೂ ಮುಗುಳ್ನಗೆ ಮಾತ್ರ ಬರುತ್ತದೆ.

ಎರಡನೇ ಹೆಜ್ಜೆ: ಪೀಠಿಕೆಯಲ್ಲಿ ಭಯ ಇಡಿ, ಮಾಹಿತಿ ಬೇಡ

ಒಂದು ಪುಟಕ್ಕೆ ಸುಮಾರು ಒಂದು ನಿಮಿಷ ಅನ್ನುವುದು ಸ್ಕ್ರಿಪ್ಟು ಬರೆಯುವವರ ರೂಢಿಯ ಲೆಕ್ಕ. ಮೂರು ಪುಟದಲ್ಲಿ ಪೀಠಿಕೆಗೆ ಸಿಗುವುದು ಅರ್ಧ ಪುಟ. ಅಷ್ಟರಲ್ಲಿ ಪಾತ್ರದ ಊರು, ಓದು, ಮದುವೆ ಕಥೆ ಎಲ್ಲ ತುಂಬಲು ಹೋದರೆ ಪ್ರೇಕ್ಷಕರು ಯಾವುದನ್ನು ಹಿಡಿದಿಟ್ಟುಕೊಳ್ಳಬೇಕು ಅಂತ ಗೊತ್ತಾಗದೆ ಎಲ್ಲವನ್ನೂ ಬಿಡುತ್ತಾರೆ.

ನಾನು ಇಟ್ಟುಕೊಂಡದ್ದು ಎರಡೇ. ದಾಯಾದಿಗಳು ಪಾಲು ಕೇಳಿಯಾರು ಅನ್ನುವ ಭಯ ಮಾತಿನಲ್ಲಿ ಬರುತ್ತದೆ. ಮನೆಯಲ್ಲಿ ಕರೆಯುವ ಹಸು ಇದೆ ಅನ್ನುವುದು ಚಿತ್ರದಲ್ಲಿ ಬರುತ್ತದೆ: ಅತ್ತೆ ಬಕೆಟ್ ಹಿಡಿದು ಕೊಟ್ಟಿಗೆ ಕಡೆ ಹೋಗುತ್ತಾಳೆ, ಅದರ ಬಗ್ಗೆ ಯಾರೂ ಏನೂ ಹೇಳುವುದಿಲ್ಲ. ಮುಂದೆ ಸುಳ್ಳಾಗುವ ದಾರಿಯನ್ನು ಬಾಯಲ್ಲಿ ಹೇಳಿಸಿ, ನಿಜವಾಗುವ ದಾರಿಯನ್ನು ಕಣ್ಣಿಗೆ ಮಾತ್ರ ತೋರಿಸಿ. ಕಿವಿಗೆ ಬಿದ್ದದ್ದನ್ನು ಜನ ನಂಬಿಕೊಂಡು ಕೂರುತ್ತಾರೆ. ಕಣ್ಣಿಗೆ ಬಿದ್ದದ್ದು ಮರೆತಂತಿದ್ದು, ಬೇಕಾದಾಗ ನೆನಪಿಗೆ ಬರುತ್ತದೆ. ಬಕೆಟ್ ತೋರಿಸದೇ ಇದ್ದರೆ ಕೊನೆಗೆ ಹಾಲು ಬಂದಾಗ "ಇದೆಲ್ಲಿಂದ ಬಂತು" ಅಂತ ಸಭೆ ಯೋಚಿಸುತ್ತದೆ. ಯೋಚಿಸುತ್ತಿರುವವರು ನಗುವುದಿಲ್ಲ.

ಈಗ ಇಡೀ ಸ್ಕ್ರಿಪ್ಟು ಓದಿ. ಆಮೇಲೆ ಬಿಚ್ಚಿ ನೋಡೋಣ.

*(ಸಂಜೆ. ಮನೆ ಜಗಲಿ. ಅತ್ತೆ ಬಕೆಟ್ ಹಿಡಿದು ಹಿತ್ತಲಿನ ಕೊಟ್ಟಿಗೆಗೆ ಹೋಗುತ್ತಾಳೆ. ಮಂಜುನಾಥ ಪೇಟೆಗೆ ಹೊರಡಲು ಬೈಕ್ ಒರೆಸುತ್ತಿದ್ದಾನೆ.)*

ಮಂಜುನಾಥ: ನಮ್ಮ ಹೊಲದ ಪಕ್ಕ ರಸ್ತೆ ಬರತ್ತಂತೆ ಲತಾ. ಇನ್ನು ನೋಡು, ದಾಯಾದಿಗಳೆಲ್ಲ ಪಾಲು ಕೇಳ್ಕೊಂಡು ಬರ್ತಾರೆ.

ಲತಾ: ಅಯ್ಯೋ, ನಾನೇನ್ ಮಾಡ್ಲಿ?

ಮಂಜುನಾಥ: ಎಷ್ಟು ಅಂತ ಕೇಳು, ನಂಗೆ ಫೋನ್ ಮಾಡು. ಹೂಂ ಅನ್ಬೇಡ, ಉಹೂಂನೂ ಅನ್ಬೇಡ.

*(ಹೋಗುತ್ತಾನೆ. ಬೈಕ್ ಸದ್ದು ದೂರವಾಗುತ್ತದೆ. ರಮೇಶ ಗೇಟಿಗೆ ಬರುತ್ತಾನೆ, ಒಂದು ಕೈ ಬೆನ್ನ ಹಿಂದೆ.)*

ರಮೇಶ: ಪೆದ್ದಮ್ಮಾ! ಪಾಲು!

*(ಲತಾ ನಿಂತಲ್ಲೇ ನಿಲ್ಲುತ್ತಾಳೆ. ಎರಡು ಎಣಿಕೆ.)*

ಲತಾ: ಪಾಲಾ?

ರಮೇಶ: ಹೂಂ ಅತ್ತಿಗೆ.

ಲತಾ: ಎಷ್ಟು?

ರಮೇಶ: ಅರ್ಧ ಸಾಕು.

ಲತಾ: ಸಾಕಾ!

ರಮೇಶ: ಬೆಳಿಗ್ಗೆನೇ ದೊಡ್ಡಮ್ಮನ್ನ ಕೇಳಿದ್ದೆ. ಕೊಡ್ತೀನಿ ಅಂದ್ರು.

ಲತಾ: ಅತ್ತೆ ಒಪ್ಕೊಂಡ್ರಾ?

ರಮೇಶ: ಅವ್ರು ಯಾವತ್ತೂ ಇಲ್ಲ ಅಂದೋರಲ್ಲ. ಒಂದೇ ಮಾತು ಅತ್ತಿಗೆ, ಅದ್ರಲ್ಲಿ ಇರಬಾರ್ದು, ನೀರು.

*(ಒಂದು ಎಣಿಕೆ.)*

ಲತಾ: ನೀರು ಬೇಡ್ವಾ?

ರಮೇಶ: ನೀರಿದ್ರೆ ನಮ್ಮಮ್ಮ ಒಪ್ಪಲ್ಲ.

ಲತಾ *(ತಿರುಗಿ, ಫೋನಿನಲ್ಲಿ, ಪಿಸುಮಾತು)*: ರೀ, ರಮೇಶ ಬಂದಿದಾನೆ. ಕೇಳ್ತಿರೋದು ಅರ್ಧ. ಆದ್ರೆ ಎಷ್ಟು ಒಳ್ಳೆಯವನ್ರೀ, ನಮಗೇ ಬಿಟ್ಟಿದಾನೆ, ಬೋರ್‌ವೆಲ್ಲು!

*(ಅತ್ತೆ ಕೊಟ್ಟಿಗೆಯಿಂದ ಬರುತ್ತಾಳೆ. ರಮೇಶ ಬೆನ್ನ ಹಿಂದಿನ ಕೈ ಮುಂದೆ ಚಾಚುತ್ತಾನೆ: ಚೊಂಬು. ಅತ್ತೆ ಅರ್ಧ ಲೀಟರ್ ಅಳೆದು ಹಾಲು ಸುರಿಯುತ್ತಾಳೆ. ಯಾರೂ ಮಾತಾಡುವುದಿಲ್ಲ. ಹಾಲು ಬೀಳುವ ಸದ್ದು ಮಾತ್ರ. ಲತಾ ಫೋನನ್ನು ಕಿವಿಯಿಂದ ನಿಧಾನಕ್ಕೆ ಇಳಿಸುತ್ತಾಳೆ.)*

*(ಬೈಕ್ ಸದ್ದು. ಮಂಜುನಾಥ, ಅವನ ಹಿಂದೆ ಕಪ್ಪು ಕೋಟಿನ ಲಾಯರ್, ಕಂಕುಳಲ್ಲಿ ಫೈಲು. ಅತ್ತೆ ಲಾಯರನ್ನು ನೋಡುತ್ತಾಳೆ, ಚೊಂಬನ್ನು ನೋಡುತ್ತಾಳೆ.)*

ಅತ್ತೆ: ಇವರಿಗೂ ಬೇಕಂತಾ, ಪಾಲು?

ಮೂರನೇ ಹೆಜ್ಜೆ: ಪ್ರತಿ ಮಾತೂ ಎರಡೂ ಕಡೆ ನಿಜವಾಗಿರಲಿ

ಪ್ರೇಕ್ಷಕರ ದಾರಿ ತಪ್ಪಿಸುವುದು ಅವರಿಗೆ ಸುಳ್ಳು ಹೇಳುವುದಲ್ಲ. ರಮೇಶನ ಮಾತುಗಳನ್ನು ಒಂದೊಂದಾಗಿ ತೆಗೆದು ಹಾಲಿನ ಅರ್ಥದಲ್ಲಿ ಓದಿ: ಅರ್ಧ ಸಾಕು, ದೊಡ್ಡಮ್ಮ ಕೊಡ್ತೀನಿ ಅಂದ್ರು, ನೀರಿರಬಾರ್ದು. ಹಾಲು ಕೇಳಲು ಬಂದವನು ಆಡುವ ಮಾತುಗಳೇ. ಈಗ ಆಸ್ತಿಯ ಅರ್ಥದಲ್ಲಿ ಓದಿ. ಅಲ್ಲೂ ಕೂರುತ್ತವೆ. ಎರಡನೇ ಕರಡಿನಲ್ಲಿ ರಮೇಶನ ಬಾಯಲ್ಲಿ "ಕೋರ್ಟಿಗೆಲ್ಲ ಹೋಗೋದು ಬೇಡ" ಅನ್ನುವ ಮಾತು ಹಾಕಿದ್ದೆ. ಓದುವಾಗ ಭಾರೀ ಅನಿಸಿತ್ತು. ಆದರೆ ಅರ್ಧ ಲೀಟರ್ ಹಾಲು ಕೇಳುವವನು ಕೋರ್ಟಿನ ಮಾತು ಯಾಕೆ ಆಡುತ್ತಾನೆ? ಚೊಂಬು ಹೊರಬಂದ ಕ್ಷಣಕ್ಕೆ ಪ್ರೇಕ್ಷಕರ ತಲೆ ಹಿಂದಕ್ಕೆ ಓಡಿ ಎಲ್ಲ ಮಾತನ್ನೂ ಮತ್ತೆ ಕೂಡಿಸುತ್ತದೆ. ಆಗ ಒಂದು ಮಾತು ಕೂಡಿಬರದಿದ್ದರೂ ನಮಗೆ ಮೋಸ ಮಾಡಿದರು ಅನಿಸುತ್ತದೆ. ಅದನ್ನು ಹೊಡೆದು ಹಾಕಿದೆ.

ಪರೀಕ್ಷೆ ಸುಲಭ. ಹಾಳೆಯಲ್ಲಿ ಎರಡು ಅಂಕಣ ಎಳೆಯಿರಿ. ದಾರಿ ತಪ್ಪಿಸುವ ಪ್ರತಿ ಮಾತಿನ ಮುಂದೆ ಎರಡೂ ಅರ್ಥ ಬರೆಯಿರಿ. ಒಂದು ಅಂಕಣ ಖಾಲಿ ಉಳಿದ ಮಾತು ಹೋಗಬೇಕು, ಅದೆಷ್ಟೇ ಇಷ್ಟವಾದರೂ.

ಎರಡು ಅರ್ಥ ಬೇರೆ ಬೇರೆ ದಿಕ್ಕಿಗೆ ಎಳೆಯುವ ಮಾತು ಸಿಕ್ಕರೆ ಅದನ್ನು ಬಿಡಬೇಡಿ. ಇಲ್ಲಿ ಅದು 'ನೀರು'. ಹಾಲಿನಲ್ಲಿ ನೀರಿದ್ದರೆ ನಷ್ಟ, ಹೊಲದಲ್ಲಿ ನೀರಿಲ್ಲದಿದ್ದರೆ ನಷ್ಟ. ಅದೂ ಕೋಲಾರದಲ್ಲಿ. ವರ್ಷಪೂರ್ತಿ ಹರಿಯುವ ನದಿಯಿಲ್ಲದ, ಸಾವಿರ ಅಡಿ ಕೊರೆದರೂ ಬೋರ್‌ವೆಲ್ಲಿನಲ್ಲಿ ನೀರು ಬೀಳುತ್ತದೆ ಅನ್ನುವ ಖಾತ್ರಿಯಿಲ್ಲದ ಸೀಮೆಯಲ್ಲಿ ಒಬ್ಬ "ನೀರಿರಬಾರ್ದು" ಅಂದರೆ ಅವನು ದೇವರೇ ಇರಬೇಕು. ಲತಾ ಮರುಳಾಗುವುದು ಅಲ್ಲಿ. ಇಡೀ ಸ್ಕ್ರಿಪ್ಟಿನಲ್ಲಿ ಕೋಲಾರದವರು ಅತಿ ಜೋರಾಗಿ ನಗುವ ಜಾಗವೂ ಅದೇ. ಯಾಕೆಂದರೆ ಆ ನಗು ಅವರ ಬಾಳಿನ ಒಳಗಿನಿಂದ ಬರುತ್ತದೆ. ಊರಿನ ಬಣ್ಣ ಬೇಕು ಅನ್ನುವವರು ಉಚ್ಚಾರಣೆಯಲ್ಲಿ ಹುಡುಕುವ ಬದಲು ಊರಿನ ಕಷ್ಟಸುಖದಲ್ಲಿ ಹುಡುಕಬೇಕು.

ಇನ್ನೊಂದು ಸೂಕ್ಷ್ಮ ಇದೆ. ತಪ್ಪು ತಿಳಿವಳಿಕೆ ಒಂದು ನಿಮಿಷ ಬಾಳಬೇಕಾದರೆ, ಅದನ್ನು ತಿದ್ದದೇ ಇರಲು ಇಬ್ಬರಿಗೂ ಕಾರಣ ಇರಬೇಕು. ರಮೇಶ ಲತಾ ಜೊತೆ ಕನ್ನಡದಲ್ಲೇ ಮಾತಾಡುತ್ತಾನೆ. ಹಾಗಾದರೆ 'ಹಾಲು' ಅನ್ನಬಹುದಿತ್ತಲ್ಲ? ಅವನು ಕೂಗಿದ್ದು ದೊಡ್ಡಮ್ಮನನ್ನು, ಅದಕ್ಕೇ ಮನೆಮಾತು ಬಂತು. ಜಗಲಿಯಲ್ಲಿದ್ದ ಲತಾ ತಾನೇ "ಪಾಲಾ?" ಅಂದಳು. ಓಹೋ, ಅತ್ತಿಗೆಗೆ ನಮ್ಮ ಮಾತು ಗೊತ್ತು ಅಂದುಕೊಂಡ. ಆಮೇಲೆ ಅವನು ಆ ಶಬ್ದವನ್ನು ಒಮ್ಮೆಯೂ ಆಡುವುದಿಲ್ಲ, ಆಡಬೇಕಾಗಿಯೂ ಇಲ್ಲ. ಲತಾ ಮಾಡುತ್ತಿರುವುದು ಗಂಡ ಹೇಳಿದ್ದನ್ನು ಅಕ್ಷರಶಃ: ಎಷ್ಟು ಅಂತ ಕೇಳಿದಳು, ಫೋನ್ ಮಾಡಿದಳು. ಇಬ್ಬರಲ್ಲಿ ಯಾರೂ ದಡ್ಡರಲ್ಲ. ಒಂದು ಪಾತ್ರ ದಡ್ಡನಾಗಿದ್ದರೆ ಮಾತ್ರ ನಡೆಯುವ ಗೊಂದಲ ಇಪ್ಪತ್ತು ಸೆಕೆಂಡಿಗಿಂತ ಹೆಚ್ಚು ಎಳೆಯುವುದಿಲ್ಲ. ಆಗಲೇ ಬರೆಯುವವನು 'ಇವನು ಇಂಥಾ ಜನದವನು, ಅದಕ್ಕೇ ದಡ್ಡ' ಅನ್ನುವ ಕಡೆ ಜಾರುವುದು.

ನಾಲ್ಕನೇ ಹೆಜ್ಜೆ: ಪಂಚ್ ಶಬ್ದವನ್ನು ವಾಕ್ಯದ ಬಾಲಕ್ಕೆ ತನ್ನಿ

ಇದು ಕನ್ನಡದಲ್ಲಿ ಬರೆಯುವವರಿಗೆ ವಿಶೇಷವಾದ ತೊಡಕು. ನಮ್ಮ ವಾಕ್ಯದ ಕೊನೆಗೆ ಕ್ರಿಯಾಪದ ಕೂರುತ್ತದೆ. "ಅವನು ಬೋರ್‌ವೆಲ್ ನಮಗೇ ಬಿಟ್ಟಿದಾನೆ" ಅಂದರೆ ನಗಿಸುವ ಶಬ್ದ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ಬೋರ್‌ವೆಲ್ ಅಂದ ಕೂಡಲೇ ಜನ ನಗಲು ಶುರು ಮಾಡುತ್ತಾರೆ, ನಟಿ ಮಾತ್ರ "ನಮಗೇ ಬಿಟ್ಟಿದಾನೆ" ಅಂತ ನಗುವಿನ ಮೇಲೆ ಮಾತಾಡುತ್ತಲೇ ಇರಬೇಕು. ಸಭೆ ಮುಂದಿನ ಮಾತು ಕೇಳಲೆಂದು ನಗುವನ್ನು ಅರ್ಧಕ್ಕೇ ನುಂಗಿಕೊಳ್ಳುತ್ತದೆ.

ಬಿಡಿಸಿಕೊಳ್ಳುವ ದಾರಿ ನಮ್ಮ ಆಡುಮಾತಿನಲ್ಲೇ ಇದೆ. ಜಗಲಿ ಮೇಲೆ ಕೂತು ಮಾತಾಡುವಾಗ ನಾವು ಕ್ರಿಯಾಪದವನ್ನು ಮುಂದಕ್ಕೆ ಎಸೆದು ಹೆಸರನ್ನು ಹಿಂದಕ್ಕೆ ಇಡುತ್ತೇವೆ: "ಬಂದ ನೋಡು, ನಮ್ಮ ಗೌಡ." ಹಾಗೆಯೇ "ನಮಗೇ ಬಿಟ್ಟಿದಾನೆ, ಬೋರ್‌ವೆಲ್ಲು!" ಇನ್ನೊಂದು ದಾರಿ ಹೇಳೋದು, ಮಾಡೋದು ಅನ್ನುವಂಥ ರೂಪ. "ಅರ್ಧ ಕೇಳ್ತಿದಾನೆ" ಅನ್ನುವ ಬದಲು "ಕೇಳ್ತಿರೋದು ಅರ್ಧ". ಮೂರನೆಯದು ಕ್ರಿಯಾಪದವನ್ನೇ ಬಿಟ್ಟುಬಿಡುವುದು, "ಪಾಲಾ?" ಅಂದಂತೆ. ಅತ್ತೆಯ ಕೊನೆಯ ಮಾತನ್ನು ಮೊದಲು "ಇವರಿಗೂ ಪಾಲು ಬೇಕಂತಾ?" ಅಂತ ಬರೆದಿದ್ದೆ. ತಾಲೀಮಿನಲ್ಲಿ ನಗು ಬಂತು, ಆದರೆ ಚದುರಿಕೊಂಡು ಬಂತು. "ಇವರಿಗೂ ಬೇಕಂತಾ, ಪಾಲು?" ಅಂದ ಮೇಲೆ ಎಲ್ಲರೂ ಒಟ್ಟಿಗೆ ನಕ್ಕರು. ಬದಲಾದದ್ದು ಒಂದು ಶಬ್ದದ ಜಾಗ ಮಾತ್ರ.

ಆದರೆ ಎಲ್ಲ ಮಾತನ್ನೂ ಹೀಗೆ ತಿರುಗಿಸಬೇಡಿ. ಬರೇ ಉಲ್ಟಾ ವಾಕ್ಯಗಳೇ ಬಂದರೆ ಪಂಚ್ ಬರುತ್ತಿದೆ ಅಂತ ಪ್ರೇಕ್ಷಕರು ಕಾದು ಕೂರುತ್ತಾರೆ. ಈ ಸ್ಕ್ರಿಪ್ಟಿನಲ್ಲಿ ನಾಲ್ಕು ಕಡೆ ಮಾತ್ರ ತಿರುಗಿಸಿದ್ದೇನೆ: ನೀರು, ಅರ್ಧ, ಬೋರ್‌ವೆಲ್ಲು, ಕೊನೆಯ ಪಾಲು.

ಐದನೇ ಹೆಜ್ಜೆ: ಮೌನವನ್ನೂ ಬರೆಯಿರಿ

ಸಮಯ ನಟರ ಕೆಲಸ ಅಂತ ಬಿಟ್ಟುಬಿಡುವವರೇ ಹೆಚ್ಚು. ಸ್ಕ್ರಿಪ್ಟಿನಲ್ಲಿ ಎಣಿಕೆ ಬರೆದಿಲ್ಲದಿದ್ದರೆ ಹೊಸ ನಟರು ಮಾತು ಮುಗಿದ ಕೂಡಲೇ ಮುಂದಿನ ಮಾತಿಗೆ ಹಾರುತ್ತಾರೆ, ಅದರಲ್ಲೂ ಸಭೆ ಕಂಡು ಕೈಕಾಲು ನಡುಗುವಾಗ. ಒಂದು ಎಣಿಕೆ ಅಂದರೆ ಮನಸ್ಸಿನಲ್ಲಿ "ಒಂದು" ಅಂತ ನಿಧಾನವಾಗಿ ಅಂದುಕೊಳ್ಳುವಷ್ಟು ಹೊತ್ತು, ಹತ್ತಿರ ಹತ್ತಿರ ಒಂದು ಸೆಕೆಂಡು.

"ಪಾಲು!" ಅಂತ ಕೇಳಿದ ಮೇಲೆ ಎರಡು ಎಣಿಕೆ ಕೊಟ್ಟಿದ್ದೇನೆ. ಅಷ್ಟರಲ್ಲಿ ಗಂಡ ಆಡಿದ ಮಾತು ಪ್ರೇಕ್ಷಕರ ನೆನಪಿಗೆ ಬರಬೇಕು. ಒಂದೇ ಎಣಿಕೆಗೆ ಇಳಿಸಿದರೆ ಹಿಂದಿನ ಸಾಲಿನವರಿಗೆ ಅದು ಬರೀ ಒಂದು ಕೂಗು. ನಾಲ್ಕಕ್ಕೆ ಎಳೆದರೆ ಜನ ಮುಂದೇನು ಅಂತ ತಾವೇ ಊಹಿಸಿ ಮುಗಿಸುತ್ತಾರೆ. "ನೀರು" ಆದ ಮೇಲೆ ಒಂದು ಎಣಿಕೆ ಸಾಕು, ಅಷ್ಟು ಹೊತ್ತಿಗೆ ಎಲ್ಲರೂ ದಾರಿಯ ಮೇಲೆ ಇರುತ್ತಾರೆ.

ದೊಡ್ಡ ಮೌನ ಚೊಂಬಿನದು. ಹಳೇ ಕರಡಿನಲ್ಲಿ ಲತಾ ಆಗ "ಅಯ್ಯೋ, ಪಾಲು ಅಂದ್ರೆ ಹಾಲಾ!" ಅನ್ನುತ್ತಿದ್ದಳು. ಅರ್ಥವಾಗದೇ ಹೋದೀತು ಅನ್ನುವ ಭಯಕ್ಕೆ ಬರೆದದ್ದು ಅದು. ಸಭೆಗೆ ತಾನೇ ಕಂಡುಹಿಡಿದ ಸಂತೋಷ ಬೇಕು, ಅದನ್ನು ಆ ಒಂದು ಸಾಲು ಕಸಿದುಕೊಳ್ಳುತ್ತದೆ. ತೆಲುಗು ಗೊತ್ತಿಲ್ಲದವರಿಗೂ ಚೊಂಬು, ಬಕೆಟ್, ಬಿಳಿ ಹಾಲು ಕಂಡ ಮೇಲೆ ವಿವರಣೆ ಬೇಕಿಲ್ಲ. ಹಾಲು ಬೀಳುವ ಸದ್ದು ಮೂರು ನಾಲ್ಕು ಸೆಕೆಂಡು ಬರುತ್ತದೆ, ನಗಲು ಅಷ್ಟು ಜಾಗ ಸಾಕು. ವೇದಿಕೆಯಲ್ಲಿ ಅತ್ತೆ ಪಾತ್ರದವಳಿಗೆ ಹೇಳಿಕೊಡಬೇಕಾದದ್ದು ಇಷ್ಟೇ: ನಗು ಏರುವಾಗ ಸುರಿಯುತ್ತಲೇ ಇರು, ಇಳಿಯಲು ಶುರುವಾದಾಗ ನಿಲ್ಲಿಸು. ಪೂರ್ತಿ ಇಳಿಯುವವರೆಗೆ ಕಾದರೆ ಮುಂದಿನ ಬೈಕ್ ಸದ್ದು ತಣ್ಣಗಿನ ಸಭೆಯ ಮೇಲೆ ಬೀಳುತ್ತದೆ.

ಮೊಬೈಲಿಗೆ ವಿಡಿಯೊ ಮಾಡುವವರಿಗೆ ಈ ಲೆಕ್ಕ ಬೇರೆ. ಒಬ್ಬರೇ ನೋಡುವಾಗ ನಗು ಚಿಕ್ಕದು, ಕಾಯುವ ತಾಳ್ಮೆಯೂ ಕಮ್ಮಿ. ಚೊಂಬಿನ ಶಾಟ್ ಒಂದೂವರೆ ಸೆಕೆಂಡು, ಆಮೇಲೆ ಲತಾ ಮುಖ ಒಂದು ಸೆಕೆಂಡು, ಅಷ್ಟಕ್ಕೇ ಕತ್ತರಿಸಿ.

ಲಾಯರ್ ಬರುವುದು ಎರಡನೇ ಪಂಚ್. ಮೊದಲನೆಯದಕ್ಕಿಂತ ಅದು ಬೇಗ ಬಂದು ಬೇಗ ಮುಗಿಯಬೇಕು. ಅವನಿಗೆ ಮಾತು ಕೊಟ್ಟಿಲ್ಲ. ಕಪ್ಪು ಕೋಟು, ಫೈಲು ಸಾಕು. ಅತ್ತೆಯ ಮಾತಿನಲ್ಲಿ ಮೊದಲ ಸಲ ಎರಡು ಪಾಲೂ ಒಂದಾಗುತ್ತವೆ, ಹಾಲೂ ಹೌದು, ಹಿಸ್ಸೆಯೂ ಹೌದು. ಅದರ ಮೇಲೆ ಇನ್ನೊಂದು ಮಾತು ಹಾಕಬೇಡಿ. ಅಲ್ಲೇ ದೀಪ ಆರಲಿ.

ಯಾವ ಸಭೆಗೆ ಏನು ಮೊದಲೇ ಗೊತ್ತು ಅಂತ ಕೇಳಿಕೊಳ್ಳಿ

ಇದನ್ನು ನಾನು ಆಡಿಸಿ ಆಡಿಸಿಯೇ ಕಲಿತದ್ದು. ತುಮಕೂರಿನಲ್ಲಿ ಪಾಲು ಅಂದರೆ ಹಾಲು ಅಂತ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಅವರು ಲತಾ ಜೊತೆಗೇ ಮೋಸ ಹೋಗುತ್ತಾರೆ, ಚೊಂಬು ಬಂದಾಗ ಬೆಚ್ಚಿ ನಗುತ್ತಾರೆ. ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ, ಬಾಗೇಪಲ್ಲಿ ಕಡೆ "ಪೆದ್ದಮ್ಮಾ, ಪಾಲು!" ಅಂದ ತಕ್ಷಣ ಸಭೆಗೆ ಎರಡೂ ಅರ್ಥ ಹೊಳೆದುಬಿಡುತ್ತದೆ. ಅವರ ನಗು ಲತಾ "ಎಷ್ಟು?" ಅಂದಾಗಲೇ ಶುರು. ಆ ಸಭೆಯಲ್ಲಿ ಚೊಂಬನ್ನು ಗುಟ್ಟು ಮಾಡಿ ಕೊನೆಗೆ ಜಾದೂಗಾರನ ಹಾಗೆ ತೆಗೆದರೆ ಪೆಚ್ಚಾಗುತ್ತದೆ. ಎಲ್ಲರಿಗೂ ಗೊತ್ತಿರುವ ಗುಟ್ಟದು.

ಅದಕ್ಕೆ ಮಾತು ಬದಲಿಸಬೇಕಿಲ್ಲ, ರಮೇಶ ನಿಲ್ಲುವ ಬಗೆ ಬದಲಿಸಿದರೆ ಸಾಕು. ತುಮಕೂರಿನಲ್ಲಿ ಅವನು ಸಭೆಗೆ ಮುಖ ಮಾಡಿ ನಿಲ್ಲುತ್ತಾನೆ, ಬೆನ್ನ ಹಿಂದಿನ ಕೈ ಯಾರಿಗೂ ಕಾಣುವುದಿಲ್ಲ. ಗಡಿ ತಾಲ್ಲೂಕುಗಳಲ್ಲಿ ಅವನು ಪಕ್ಕಕ್ಕೆ ತಿರುಗಿ ನಿಲ್ಲುತ್ತಾನೆ, ಚೊಂಬು ಮೊದಲಿಂದಲೇ ಸಭೆಗೆ ಕಾಣುತ್ತದೆ, ಲತಾಗೆ ಮಾತ್ರ ಕಾಣುವುದಿಲ್ಲ. ಆಗ ನಗು ಅಚ್ಚರಿಯದಲ್ಲ, ಲತಾ ಇನ್ನೂ ಎಷ್ಟು ದೂರ ಹೋಗುತ್ತಾಳೆ ಅಂತ ನೋಡುವ ಖುಷಿಯದು. ಅಚ್ಚರಿಯನ್ನು ಲಾಯರಿಗೆ ಉಳಿಸಿಡಿ. ಎರಡು ಊರಿನಲ್ಲಿ ಒಂದೇ ತರಹ ಆಡಿಸಿದ ತಂಡ ಒಂದು ಕಡೆ ಸೋತೇ ಸೋಲುತ್ತದೆ. ಸೋತಾಗ ಸಭೆ ಸರಿಯಿರಲಿಲ್ಲ ಅಂತ ದೂರುತ್ತದೆ.

ನೋವಾಗುವ ಜೋಕನ್ನು ಕಂಡುಹಿಡಿಯುವ ಬಗೆ

ನನ್ನ ಹಳೇ ಸ್ಕ್ರಿಪ್ಟನ್ನೇ ತೆಗೆದುಕೊಳ್ಳಿ. ಹುಡುಗನ ಮಾತನ್ನೆಲ್ಲ ಅಚ್ಚ ಕನ್ನಡಕ್ಕೆ ತಿದ್ದಿ ಓದಿದೆ. ನಗು ಪೂರ್ತಿ ಹೋಯಿತು. ಅಂದರೆ ನಗುತ್ತಿದ್ದದ್ದು ಅವನ ಮಾತಿನ ಧಾಟಿಗೆ, ಆ ಧಾಟಿಯಿರುವ ಎಲ್ಲರಿಗೆ. ಇದು ಮೊದಲ ಪರೀಕ್ಷೆ: ಪಾತ್ರದ ಭಾಷೆ, ಜಾತಿ, ಧರ್ಮ, ಊರು ತೋರಿಸುವ ಗುರುತನ್ನು ತೆಗೆದು ಓದಿ. ನಗು ಉಳಿದರೆ ಗುರುತು ಬರೀ ಬಣ್ಣ. ಹೋದರೆ ಗುರುತೇ ಗುರಿ.

ಕೋಲಾರದ ನೆಲದಲ್ಲಿ ಮನೆಮಾತು ಬೇರೆ ಇರುವುದು ಕೊರತೆಯ ಲಕ್ಷಣ ಅಲ್ಲವೇ ಅಲ್ಲ. ಮನೆಯಲ್ಲಿ ತಮಿಳಾಡುತ್ತಿದ್ದ ಮಾಸ್ತಿ ವೆಂಕಟೇಶ ಅಯ್ಯಂಗಾರರು ಕನ್ನಡದಲ್ಲಿ ಬರೆದು 1983ರ ಜ್ಞಾನಪೀಠ ಪಡೆದದ್ದು ಇದೇ ಜಿಲ್ಲೆಯಿಂದ ಹೊರಟು. ತೆಲುಗು, ತಮಿಳು, ಉರ್ದು ಮನೆಮಾತಿನ ಮಕ್ಕಳು ಶಾಲೆಯಲ್ಲಿ "ನಿನ್ನ ಕನ್ನಡ ನೋಡೋ" ಅನ್ನಿಸಿಕೊಂಡೇ ಬೆಳೆದಿರುತ್ತಾರೆ. ವೇದಿಕೆಯಿಂದ ಅದೇ ಮತ್ತೆ ಬಂದಾಗ ಅವರಿಗೆ ಹಳೇ ಗಾಯ ಕೆದಕಿದ ಹಾಗಾಗುತ್ತದೆ.

ಗಾದೆಗಳ ವಿಷಯದಲ್ಲಿ ತುಂಬಾ ಹುಷಾರಾಗಿರಿ. ಜಾತಿ ಹೆಸರಿರುವ ಗಾದೆಗಳು ನಾಲಿಗೆ ತುದಿಯಲ್ಲಿ ರೆಡಿ ಇರುತ್ತವೆ, ಹಳ್ಳಿ ಸೊಗಡು ಅಂತ ಬಂದು ಕೂತುಬಿಡುತ್ತವೆ. ಅವುಗಳಲ್ಲಿ ಪಂಚ್ ಇರುವುದಿಲ್ಲ, ತೀರ್ಪು ಇರುತ್ತದೆ. ಪರಿಶಿಷ್ಟರನ್ನು ಜಾತಿ ಹೆಸರು ಹಿಡಿದು ಸಾರ್ವಜನಿಕವಾಗಿ ನಿಂದಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ ಅನ್ನುವುದೂ ತಂಡಕ್ಕೆ ಗೊತ್ತಿರಲಿ. ಆದರೆ ಕಾನೂನಿಗೆ ಹೆದರಿ ತೆಗೆಯುವುದಕ್ಕಿಂತ ಮೊದಲೇ, ಸ್ಕ್ರಿಪ್ಟಿಗೆ ಅದು ಏನೂ ಕೊಡುವುದಿಲ್ಲ ಅಂತ ತೆಗೆಯಬಹುದು. ಮಂಜುನಾಥನ ಬಾಯಲ್ಲಿ ಅಂಥದ್ದೊಂದು ಗಾದೆ ನಾನೂ ಇಟ್ಟಿದ್ದೆ. ಕಿತ್ತ ಮೇಲೆ ಕಥೆಯಲ್ಲಿ ಒಂದು ಎಳೆಯೂ ಸಡಿಲವಾಗಲಿಲ್ಲ.

ಲಾಯರ್ ಮೇಲಿನ ಜೋಕು ಸರಿಯೇ ಅಂತ ಹುಡುಗರು ಕೇಳುತ್ತಾರೆ. ಲಾಯರಿಕೆ ಆರಿಸಿಕೊಂಡ ಕೆಲಸ, ಹುಟ್ಟಿನಿಂದ ಬಂದದ್ದಲ್ಲ. ಕಪ್ಪು ಕೋಟಿಗೆ ಹೆದರುವ ಹಳ್ಳಿಯ ಮುದುಕಿ ಅವನನ್ನು ಹಾಲಿಗೆ ಬಂದವನು ಅಂದುಕೊಳ್ಳುವುದರಲ್ಲಿ ಬಲ ಇರುವವನ ಮೇಲೆ ಬಲ ಇಲ್ಲದವಳ ಮಾತು ಇದೆ. ಆದರೆ ಆ ಲಾಯರಿಗೆ ಒಂದು ಸಮುದಾಯದ ಹೆಸರೋ ವೇಷವೋ ಕೊಟ್ಟರೆ ಜೋಕು ತಕ್ಷಣ ಬೇರೆಯಾಗುತ್ತದೆ. ಅದಕ್ಕೇ ಅವನಿಗೆ ಹೆಸರಿಟ್ಟಿಲ್ಲ.

ಓದಿಸಿ ನೋಡುವುದನ್ನು ಬಿಡಬೇಡಿ. ಯಾರ ಮನೆಮಾತು ನಿಮ್ಮ ಸ್ಕ್ರಿಪ್ಟಿನಲ್ಲಿದೆಯೋ ಅಂಥವರಿಬ್ಬರನ್ನು ಕೂರಿಸಿ. "ನಿಮಗೆ ಬೇಜಾರಾಯ್ತಾ?" ಅಂತ ಕೇಳಿದರೆ ಸ್ನೇಹಕ್ಕಾಗಿ ಇಲ್ಲ ಅನ್ನುತ್ತಾರೆ. "ಇದನ್ನ ನಿಮ್ಮಮ್ಮನ ಮುಂದೆ ಆಡ್ತೀರಾ?" ಅಂತ ಕೇಳಿ. ಓದುವಾಗ ಅವರ ಮುಖ ನೋಡುತ್ತಿರಿ. ನಗುವ ಮೊದಲು ಒಬ್ಬರು ಇನ್ನೊಬ್ಬರ ಮುಖ ನೋಡಿಕೊಂಡರೆ, ನಗಬಹುದೋ ಬೇಡವೋ ಅಂತ ಅವರು ಒಪ್ಪಿಗೆ ಹುಡುಕುತ್ತಿದ್ದಾರೆ. ಆ ಸಾಲಿಗೆ ಗೆರೆ ಎಳೆಯಿರಿ.

ಕೊನೆಯ ಪರೀಕ್ಷೆ ನನಗೆ ಎಲ್ಲಕ್ಕಿಂತ ಇಷ್ಟ: ಜಾಗ ಅದಲು ಬದಲು ಮಾಡುವುದು. ಆಗಲೂ ನಗು ಉಳಿದರೆ ಜೋಕಿನ ಗುರಿ ಯಾವ ಒಂದು ಊರಿನವರೂ ಅಲ್ಲ. ಮುಳಬಾಗಿಲಿನ ತೆಲುಗು ಮನೆಯ ಹುಡುಗಿ ಗುಬ್ಬಿಗೆ ಸೊಸೆಯಾಗಿ ಹೋಗಿದ್ದಾಳೆ ಅಂದುಕೊಳ್ಳಿ. ಈ ಸಲ ದಾಯಾದಿ ನಿಜವಾಗಿಯೂ ಆಸ್ತಿ ಕೇಳಲು ಬಂದಿದ್ದಾನೆ. ಮೀಸೆ ತಿರುವಿ "ಪಾಲು ಬೇಕು" ಅನ್ನುತ್ತಾನೆ. ಅವಳು "ಅದಕ್ಯಾಕಷ್ಟು ಸಂಕೋಚ" ಅಂತ ಒಳಗೆ ಹೋಗಿ ಒಂದು ಲೋಟ ಹಾಲು ತಂದಿಡುತ್ತಾಳೆ. ಅವನು ಲೋಟ ನೋಡಿ "ಇಷ್ಟೇನಾ?" ಅಂತ ಗುಡುಗುತ್ತಾನೆ. ಅವಳು ಪಾಪ, ಒಳಗೆ ಹೋಗಿ ದೊಡ್ಡ ಚೊಂಬು ತರುತ್ತಾಳೆ.